ಚಿಕ್ಕ ಕಂಪನಿಯ ಮುಕ್ತ ನಗದು ಹರಿವು: ನನ್ನ ಮುನ್ನಂದಾಜಿನಲ್ಲಿ ಮೌಲ್ಯ ಇಷ್ಟು ಹೆಚ್ಚಾಗಿ ಬರುತ್ತಿರುವುದೇಕೆ?

ಹೊಸಹಾಳೆ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಲೆಕ್ಕಪತ್ರದ ಕೆಲಸ ನನಗೆ ಹೊಸದಲ್ಲ, ಆದರೆ ಮೌಲ್ಯಮಾಪನಕ್ಕೆ ಕೈಹಾಕಿರುವುದು ಇದೇ ಮೊದಲು. ಪಂಪುಗಳಿಗೆ ಬೇಕಾದ ಲೋಹದ ಬಿಡಿಭಾಗಗಳನ್ನು ತಯಾರಿಸುವ ಒಂದು ಚಿಕ್ಕ ಕಂಪನಿ. ಇಬ್ಬರು ಪಾಲುದಾರರು. ಅವರಲ್ಲಿ ಒಬ್ಬರು ತಮ್ಮ ಪಾಲನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಹೊರಬರಲಿದ್ದಾರೆ. ಪಾಲಿನ ಬೆಲೆ ಕಟ್ಟಲು ಡಿಸಿಎಫ್, ಅಂದರೆ ಮುಂದಿನ ವರ್ಷಗಳ ನಗದು ಹರಿವನ್ನು ಒಂದು ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸುವ ಲೆಕ್ಕ ಮಾಡಿಕೊಡಿ ಎಂದು ಇಬ್ಬರೂ ಸೇರಿ ಕೇಳಿದ್ದಾರೆ.

ಅಂಕಿಗಳೆಲ್ಲ ಲಕ್ಷದಲ್ಲಿವೆ. ಕಳೆದ ವರ್ಷದ ಮಾರಾಟ 1000, ಅದರ ಹಿಂದಿನ ವರ್ಷ 880. ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಲಾಭ 140, ಅಂದರೆ ಮಾರಾಟದ 14%. ತೆರಿಗೆ 25%. ಸವಕಳಿ 40. ಕಳೆದ ಎರಡು ವರ್ಷ ಯಂತ್ರಗಳ ಮೇಲೆ ಹಾಕಿದ್ದು ವರ್ಷಕ್ಕೆ 20. ಸ್ಥಿರ ಆಸ್ತಿಯ ಪುಸ್ತಕ ಮೌಲ್ಯ 240.

ಮಾರಾಟ ಐದು ವರ್ಷ 15% ಬೆಳೆಯುತ್ತದೆ, ಲಾಭದ ಪ್ರಮಾಣ 14% ಆಗಿಯೇ ಉಳಿಯುತ್ತದೆ, ಸವಕಳಿ ಮಾರಾಟದ 4%, ಯಂತ್ರಗಳ ಹೂಡಿಕೆ ಈಗಿನಂತೆಯೇ 20 ಎಂದು ಹಿಡಿದೆ. ಚಾಲ್ತಿ ಆಸ್ತಿಯಿಂದ ಚಾಲ್ತಿ ಹೊಣೆ ಕಳೆದರೆ ಹಿಂದಿನ ವರ್ಷ 179 ಇತ್ತು, ಈ ವರ್ಷ 180. ಬದಲಾವಣೆಯೇ ಇಲ್ಲವಲ್ಲ ಎಂದು ದುಡಿಯುವ ಬಂಡವಾಳದ ಸಾಲನ್ನು ಸೊನ್ನೆ ಮಾಡಿದೆ. ಮೊದಲ ವರ್ಷದ ಮುಕ್ತ ನಗದು ಹರಿವು 147 ಬಂತು, ಐದನೆಯ ವರ್ಷದ್ದು 272. ಡಿಸ್ಕೌಂಟ್ ದರ 14%, ಆಮೇಲೆ ಶಾಶ್ವತ ಬೆಳವಣಿಗೆ 5%. ಒಟ್ಟು ಮೌಲ್ಯ 2322 ಬರುತ್ತಿದೆ.

ಉಳಿಯುವ ಪಾಲುದಾರರಿಗೆ ಈ ಅಂಕಿ ತೋರಿಸಿದೆ. ಅವರು ಬಹಳ ಹೊತ್ತು ಹಾಳೆಯನ್ನೇ ನೋಡುತ್ತಿದ್ದು, "ಇಷ್ಟು ಹಣ ಈ ಶೆಡ್‌ನಲ್ಲಿ ಎಲ್ಲಿದೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲಿ ತಪ್ಪಿದ್ದೇನೆ?

---

ದಾರಿಹೋಕ ಬರೆದಿದ್ದಾರೆ:

ಸಾಲದ ಕಂತು ಎಲ್ಲೂ ಕಾಣುತ್ತಿಲ್ಲವಲ್ಲ! ನಾನೂ ಒಂದು ಚಿಕ್ಕ ಉದ್ಯಮ ನಡೆಸುವವನು. ತಿಂಗಳ ಐದನೆಯ ತಾರೀಖು ಕಂತು ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದೇ ನಿಜವಾದ ನಗದು. ಬಡ್ಡಿ ಮತ್ತು ಕಂತು ಎರಡನ್ನೂ ಕಳೆಯಿರಿ, ಅಂಕಿ ತಾನಾಗಿಯೇ ನೆಲಕ್ಕಿಳಿಯುತ್ತದೆ.

---

ನಾಲ್ಕನೇ ಕಾಲಂ ಬರೆದಿದ್ದಾರೆ:

ದಾರಿಹೋಕ ಅವರೇ, ನೀವು ಹೇಳುವ ನಗದು ಮಾಲೀಕನ ಕೈಗೆ ಸಿಗುವ ನಗದು. ಅದನ್ನು ಲೆಕ್ಕ ಹಾಕಿ ಮೌಲ್ಯ ಕಟ್ಟುವ ದಾರಿಯೂ ಇದೆ, ಆದರೆ ಅದಕ್ಕೆ ಡಿಸ್ಕೌಂಟ್ ದರ ಬೇರೆ. ಇಲ್ಲಿ ಕೇಳಿರುವುದು ಇಡೀ ಸಂಸ್ಥೆಗೆ, ಅಂದರೆ ಸಾಲ ಕೊಟ್ಟವರಿಗೂ ಮಾಲೀಕರಿಗೂ ಸೇರಿ ಸಿಗುವ ಹರಿವು. ಬಡ್ಡಿಯ ಭಾರವೂ ಬಡ್ಡಿಯಿಂದ ಸಿಗುವ ತೆರಿಗೆ ಉಳಿತಾಯವೂ ಆ 14% ದರದೊಳಗೆ ಸೇರಿಹೋಗಿವೆ. ಮತ್ತೊಮ್ಮೆ ಕಳೆದರೆ ಒಂದೇ ಸಾಲವನ್ನು ಎರಡು ಸಲ ತೀರಿಸಿದಂತೆ. ಸಾಲವನ್ನು ಕಳೆಯುವುದು ಕೊನೆಯಲ್ಲಿ, ಒಂದೇ ಬಾರಿ.

ಹೊಸಹಾಳೆ ಅವರೇ, ಸೂತ್ರದಲ್ಲಿ ನೀವು ತಪ್ಪಿಲ್ಲ.

```
FCFF = EBIT × (1 − t) + D&A − CapEx − ΔNWC
```

ಅಂದರೆ ತೆರಿಗೆ ಕಳೆದ ಲಾಭಕ್ಕೆ ಸವಕಳಿ ಕೂಡಿಸಿ, ಯಂತ್ರಗಳ ಹೂಡಿಕೆಯನ್ನೂ ದುಡಿಯುವ ಬಂಡವಾಳದ ಏರಿಕೆಯನ್ನೂ ಕಳೆಯುವುದು. ತಪ್ಪಿರುವುದು ಈ ನಾಲ್ಕು ಪದಗಳು ಒಂದಕ್ಕೊಂದು ಮಾತನಾಡದಿರುವುದರಲ್ಲಿ. ಮಾರಾಟ ಒಂದು ದಿಕ್ಕಿಗೆ ಓಡುತ್ತಿದೆ, ಅದಕ್ಕೆ ಬೇಕಾದ ಯಂತ್ರ ಮತ್ತು ದಾಸ್ತಾನು ನಿಂತಲ್ಲೇ ನಿಂತಿವೆ. ಒಂದು ಪರೀಕ್ಷೆ ಮಾಡಿ. ನಿಮ್ಮ ಹಾಳೆಯ ಕೆಳಗೆ ಇನ್ನೊಂದು ಸಾಲು ಹಾಕಿ, ಸ್ಥಿರ ಆಸ್ತಿಯ ಪುಸ್ತಕ ಮೌಲ್ಯವನ್ನು ವರ್ಷ ವರ್ಷಕ್ಕೂ ಮುಂದುವರಿಸಿ: ಹಿಂದಿನ ವರ್ಷದ್ದಕ್ಕೆ ಹೂಡಿಕೆ ಕೂಡಿಸಿ, ಸವಕಳಿ ಕಳೆಯಿರಿ. ಏನು ಬಂತು ಹೇಳಿ.

---

ಹೊಸಹಾಳೆ ಬರೆದಿದ್ದಾರೆ:

ಮಾಡಿದೆ. 240ರಿಂದ ಶುರುವಾಗಿ 214, 181, 140, 90, ಐದನೆಯ ವರ್ಷದ ಕೊನೆಗೆ 30. ಆರನೆಯ ವರ್ಷ ಸೊನ್ನೆಗಿಂತ ಕೆಳಗೆ ಹೋಗುತ್ತದೆ.

ಅಂದರೆ ಮಾರಾಟ 2011ಕ್ಕೆ ಏರಿದ ಹೊತ್ತಿಗೆ ಕಾರ್ಖಾನೆಯಲ್ಲಿ ಹೆಚ್ಚುಕಡಿಮೆ ಯಂತ್ರಗಳೇ ಇಲ್ಲ. ಅದೇ ಕಾರ್ಖಾನೆಯ ಹರಿವನ್ನು ಆಮೇಲೆ ಶಾಶ್ವತವಾಗಿ 5% ಬೆಳೆಸಿಬಿಟ್ಟಿದ್ದೇನೆ.

---

ಹಳೆಯ ಲೇಥ್ ಬರೆದಿದ್ದಾರೆ:

ಮೌಲ್ಯಮಾಪನ ನನಗೆ ಗೊತ್ತಿಲ್ಲ. ಬಿಡಿಭಾಗಗಳ ಘಟಕವನ್ನು ಇಪ್ಪತ್ತೆರಡು ವರ್ಷ ನಡೆಸಿದ್ದೇನೆ, ಆ ಅನುಭವದಿಂದ ಒಂದು ಮಾತು.

ಎರಡು ವರ್ಷ 20 ಹಾಕಿದ್ದಾರೆ ಎಂದಿರಿ. ಸವಕಳಿ 40. ಅಂದರೆ ಎರಡು ವರ್ಷದಲ್ಲಿ 40 ಲಕ್ಷದಷ್ಟು ಯಂತ್ರ ಸವೆದುಹೋಗಿದೆ, ತುಂಬಿಲ್ಲ. ನಾನೂ ಒಮ್ಮೆ ಹಾಗೆಯೇ ಮಾಡಿದ್ದೆ. ಎರಡು ಪಾಳಿ ಓಡುವ ಯಂತ್ರದ ಸ್ಪಿಂಡಲ್ ಬೇರಿಂಗ್ ಸದ್ದು ಮಾಡುತ್ತಿದ್ದರೂ ಮುಂದಿನ ವರ್ಷ ನೋಡೋಣ ಎಂದು ತಳ್ಳಿದೆ. ಆ ವರ್ಷ ಬ್ಯಾಂಕಿನಲ್ಲಿ ಹಣ ಚೆನ್ನಾಗಿಯೇ ಇತ್ತು. ಆದರೆ ಬೋರಿನ ಅಳತೆ ಬೆಳಿಗ್ಗೆ ಸರಿಯಿದ್ದದ್ದು ಯಂತ್ರ ಬಿಸಿಯಾದಂತೆ ಮಧ್ಯಾಹ್ನಕ್ಕೆ ಅತ್ತಿತ್ತ ಆಗುತ್ತಿತ್ತು. ನೂರಕ್ಕೆ ಎರಡು ತಿರಸ್ಕೃತವಾಗುತ್ತಿದ್ದ ತುಂಡುಗಳು ಏಳಕ್ಕೇರಿದವು. ಕೊನೆಗೆ ಹೊಸ ಯಂತ್ರ ಕೊಳ್ಳಬೇಕಾಯಿತು, ಹಳೆಯದನ್ನು ಕೊಂಡ ಬೆಲೆಗೆ ಹೊಸದು ಸಿಗಲಿಲ್ಲ.

ಪಾಲು ಮಾರುವವರು ಮಾರುವ ಮುಂಚಿನ ಎರಡು ವರ್ಷ ಖರ್ಚು ಬಿಗಿಹಿಡಿಯುವುದು ಸಹಜ. ಬೇಕೆಂದೇ ಮಾಡಿರುತ್ತಾರೆ ಎಂದಲ್ಲ. ಹೊರಡುವ ಮನಸ್ಸಿರುವವನಿಗೆ ಹೊಸ ಯಂತ್ರ ತರುವ ಉತ್ಸಾಹ ಇರುವುದಿಲ್ಲ, ಅಷ್ಟೇ. ಪುಸ್ತಕ ಬಿಟ್ಟು ಒಮ್ಮೆ ಶೆಡ್‌ಗೆ ಹೋಗಿ, ಯಾವ ಯಂತ್ರ ಯಾವ ವರ್ಷದ್ದು, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂದು ಬರೆದುಕೊಂಡು ಬನ್ನಿ.

---

ನಾಲ್ಕನೇ ಕಾಲಂ ಬರೆದಿದ್ದಾರೆ:

ಹಳೆಯ ಲೇಥ್ ಅವರು ಹೇಳಿದ್ದನ್ನು ದಯವಿಟ್ಟು ಮಾಡಿ. ಚಿಕ್ಕ ಕಂಪನಿಯಲ್ಲಿ ಎರಡು ವರ್ಷದ ಸರಾಸರಿಯಿಂದ ಹೂಡಿಕೆ ಅಂದಾಜು ಮಾಡಬಾರದು. ಅದು ಧಾರೆಯಾಗಿ ಬರುವ ಖರ್ಚಲ್ಲ, ಗಡ್ಡೆಗಡ್ಡೆಯಾಗಿ ಬರುತ್ತದೆ. ನಾಲ್ಕು ವರ್ಷ ಏನೂ ಇರುವುದಿಲ್ಲ, ಐದನೆಯ ವರ್ಷ ಒಟ್ಟಿಗೆ ಬೀಳುತ್ತದೆ.

ಈಗ ದುಡಿಯುವ ಬಂಡವಾಳಕ್ಕೆ ಬರೋಣ. ಮಾರಾಟ 120 ಏರಿದ ವರ್ಷ ಅದು ಬರೀ 1 ಏರಿದೆ ಎನ್ನುವುದನ್ನು ನಂಬುವುದು ಕಷ್ಟ. ಚಾಲ್ತಿ ಆಸ್ತಿ ಮತ್ತು ಚಾಲ್ತಿ ಹೊಣೆಯಲ್ಲಿ ಏನೇನಿದೆ, ಬಿಡಿಸಿ ಹೇಳುತ್ತೀರಾ? ಬ್ಯಾಂಕಿನ ಓವರ್‌ಡ್ರಾಫ್ಟ್ ಎಲ್ಲಿ ಕೂತಿದೆ?

---

ಹೊಸಹಾಳೆ ಬರೆದಿದ್ದಾರೆ:

ಗ್ರಾಹಕರಿಂದ ಬರಬೇಕಾದದ್ದು 205, ದಾಸ್ತಾನು 135, ನಗದು 30. ಹೊಣೆಯ ಕಡೆ ಪೂರೈಕೆದಾರರಿಗೆ ಕೊಡಬೇಕಾದದ್ದು 80, ಓವರ್‌ಡ್ರಾಫ್ಟ್ 110. ಓವರ್‌ಡ್ರಾಫ್ಟ್ ಹಿಂದಿನ ವರ್ಷ 80 ಇತ್ತು. ಅದರ ಜೊತೆ 40ರ ಅವಧಿ ಸಾಲವೂ ಇದೆ.

---

ನಾಲ್ಕನೇ ಕಾಲಂ ಬರೆದಿದ್ದಾರೆ:

ಸಿಕ್ಕಿತು. ಓವರ್‌ಡ್ರಾಫ್ಟ್ ಬ್ಯಾಲೆನ್ಸ್ ಶೀಟಿನಲ್ಲಿ ಚಾಲ್ತಿ ಹೊಣೆಯಾಗಿ ಕಂಡರೂ ಅದು ಸಾಲ. ನಗದು ಕೂಡ ಇಲ್ಲಿ ಸೇರಬಾರದು. ಎರಡನ್ನೂ ತೆಗೆದರೆ ವ್ಯವಹಾರಕ್ಕೆ ನಿಜವಾಗಿ ಬೇಕಾದ ದುಡಿಯುವ ಬಂಡವಾಳ 205 + 135 − 80, ಅಂದರೆ 260. ಮಾರಾಟದ 26%. ನಗದು ಹಿಂದಿನ ವರ್ಷವೂ ಇಷ್ಟೇ ಇತ್ತೆಂದರೆ ಆಗ ಅದು 229 ಇದ್ದಿರಬೇಕು.

ಆ ವರ್ಷ ನಡೆದದ್ದು ಇಷ್ಟು. ಬೆಳವಣಿಗೆ 31 ಲಕ್ಷ ನುಂಗಿತು, ಬ್ಯಾಂಕು 30 ಲಕ್ಷ ಕೊಟ್ಟಿತು, ನಿಮ್ಮ ಹಾಳೆಯಲ್ಲಿ ಒಂದರಿಂದ ಇನ್ನೊಂದು ಕಳೆದು ಬರೀ 1 ಲಕ್ಷ ಕಂಡಿತು. ಚಿಕ್ಕ ಕಂಪನಿಗಳ ಲೆಕ್ಕದಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದೇ. ಕಾರಣವೂ ಸರಳ. ಅವುಗಳ ಬೆಳವಣಿಗೆಯನ್ನು ಸಾಮಾನ್ಯವಾಗಿ ಓವರ್‌ಡ್ರಾಫ್ಟೇ ಹೊರುತ್ತದೆ.

ಇನ್ನು ಲಾಭ. ಇಬ್ಬರು ಪಾಲುದಾರರೂ ತಲಾ ಎಷ್ಟು ಸಂಬಳ ತೆಗೆದುಕೊಳ್ಳುತ್ತಾರೆ? ಅವರು ಮಾಡುವ ಕೆಲಸಕ್ಕೆ ಹೊರಗಿನವರನ್ನು ನೇಮಿಸಿದರೆ ಎಷ್ಟಾಗುತ್ತದೆ?

---

ಹೊಸಹಾಳೆ ಬರೆದಿದ್ದಾರೆ:

ತಲಾ 6, ಒಟ್ಟು 12. ಒಬ್ಬರು ಉತ್ಪಾದನೆ, ಇನ್ನೊಬ್ಬರು ಮಾರಾಟ ಮತ್ತು ವಸೂಲಿ ನೋಡಿಕೊಳ್ಳುತ್ತಾರೆ. ಅವರನ್ನೇ ಕೇಳಿದೆ. ಇಬ್ಬರು ಅನುಭವಿ ವ್ಯವಸ್ಥಾಪಕರಿಗೆ 30 ಆದರೂ ಬೇಕು ಎಂದರು.

---

ಕಡತ ಬರೆದಿದ್ದಾರೆ:

ನಾನು ಲೆಕ್ಕಪರಿಶೋಧನೆಯಲ್ಲಿರುವವಳು. ಆ 260ರ ಬಗ್ಗೆಯೂ ಒಂದು ಎಚ್ಚರಿಕೆ.

ಅದು ವರ್ಷದ ಕೊನೆಯ ದಿನದ ಚಿತ್ರ. ಕೊನೆಯ ವಾರ ಎಲ್ಲರೂ ವಸೂಲಿಗೆ ಓಡುತ್ತಾರೆ, ಕಚ್ಚಾ ಮಾಲನ್ನು ಮುಂದಿನ ತಿಂಗಳಿಗೆ ತಳ್ಳುತ್ತಾರೆ, ಇದ್ದ ತಯಾರಿ ಮಾಲನ್ನು ಕಳಿಸಿಬಿಡುತ್ತಾರೆ. ದಾಸ್ತಾನು ಎಣಿಸಲು ಕೊನೆಯ ದಿನ ಒಂದು ಗೋದಾಮಿಗೆ ಹೋಗಿದ್ದೆ. ಕಪಾಟುಗಳು ಖಾಲಿ, ಆದರೆ ನೆಲದ ಮೇಲೆ ಪೆಟ್ಟಿಗೆಗಳಿದ್ದ ಜಾಗದ ಚೌಕಗಳು ಧೂಳಿಲ್ಲದೆ ಸ್ಪಷ್ಟವಾಗಿ ಕಾಣುತ್ತಿದ್ದವು. ಹತ್ತು ದಿನ ಬಿಟ್ಟು ಬೇರೆ ಕೆಲಸಕ್ಕೆಂದು ಹೋದಾಗ ಆ ಚೌಕಗಳ ಮೇಲೆಲ್ಲ ಮತ್ತೆ ಪೆಟ್ಟಿಗೆಗಳಿದ್ದವು.

ಓವರ್‌ಡ್ರಾಫ್ಟ್ ಇರುವ ಕಂಪನಿ ಬ್ಯಾಂಕಿಗೆ ಸಾಮಾನ್ಯವಾಗಿ ತಿಂಗಳು ತಿಂಗಳು ದಾಸ್ತಾನು ಮತ್ತು ಬಾಕಿಯ ವಿವರ ಕೊಡುತ್ತಿರುತ್ತದೆ. ಆ ಹನ್ನೆರಡು ಹಾಳೆಗಳನ್ನು ಕೇಳಿ ಪಡೆಯಿರಿ, ಸರಾಸರಿ ತೆಗೆಯಿರಿ. 26% ಎನ್ನುವುದು 30% ಆದರೆ ಆಶ್ಚರ್ಯಪಡಬೇಡಿ. ಹಾಗೆಯೇ 205ರ ಬಾಕಿಯಲ್ಲಿ ಒಂದು ವರ್ಷ ದಾಟಿದ್ದು ಎಷ್ಟಿದೆ ನೋಡಿ. ಅದು ಬಹುಶಃ ಬರುವ ಹಣವಲ್ಲ.

---

ಗಣಿತಪ್ರಿಯ ಬರೆದಿದ್ದಾರೆ:

ಇಷ್ಟೆಲ್ಲ ಬೇಕಿಲ್ಲ ಎಂದು ನನ್ನ ಅಭಿಪ್ರಾಯ. ಐದು ವರ್ಷ ಹೇಗೇ ಇರಲಿ, ಮೌಲ್ಯದ ಬಹುಪಾಲು ಕೊನೆಯ ಶಾಶ್ವತ ಭಾಗದಲ್ಲಿದೆ. ಅಲ್ಲಿ ಹೂಡಿಕೆ ಮತ್ತು ಸವಕಳಿ ಸಮ ಎಂದು ಹಾಕಿಬಿಡಿ. ನೆಲೆನಿಂತ ಕಂಪನಿಯಲ್ಲಿ ಸವೆದಷ್ಟನ್ನೇ ತುಂಬುತ್ತಾರೆ. ಎಲ್ಲರೂ ಮಾಡುವುದು ಹೀಗೆಯೇ.

---

ನಾಲ್ಕನೇ ಕಾಲಂ ಬರೆದಿದ್ದಾರೆ:

ಗಣಿತಪ್ರಿಯ ಅವರೇ, ಬೆಳವಣಿಗೆ ಸೊನ್ನೆ, ಯಂತ್ರದ ಬೆಲೆಯೂ ಏರುವುದಿಲ್ಲ ಎಂದಾದರೆ ನಿಮ್ಮ ಮಾತು ಪೂರ್ತಿ ಸರಿ. ಆದರೆ 5% ಶಾಶ್ವತ ಬೆಳವಣಿಗೆ ಹಾಕಿ, ಹೂಡಿಕೆಯನ್ನು ಸವಕಳಿಗೆ ಸಮ ಮಾಡಿದರೆ ಆಸ್ತಿ ಅಲ್ಲಿಗೇ ನಿಲ್ಲುತ್ತದೆ, ಮಾರಾಟ ಮಾತ್ರ ಎಂದೆಂದಿಗೂ ಏರುತ್ತದೆ. ಐವತ್ತು ವರ್ಷದ ನಂತರ ಅದೇ ನಾಲ್ಕು ಯಂತ್ರಗಳು ಹನ್ನೊಂದು ಪಟ್ಟು ಮಾರಾಟ ಮಾಡಬೇಕಾಗುತ್ತದೆ. ಆ 5%ರಲ್ಲಿ ಬಹುಪಾಲು ಬೆಲೆ ಏರಿಕೆಯೇ ಇದ್ದರೂ ಉತ್ತರ ಬದಲಾಗುವುದಿಲ್ಲ. ಸವಕಳಿ ಹಳೆಯ ಬೆಲೆಯ ಮೇಲೆ ಬೀಳುತ್ತದೆ, ಬದಲಿ ಯಂತ್ರ ಹೊಸ ಬೆಲೆಗೆ ಬರುತ್ತದೆ.

ಇದು ಎಷ್ಟು ದೊಡ್ಡದು ಎನ್ನುವುದನ್ನು ಈ ಕಂಪನಿಯ ಅಂಕಿಗಳಲ್ಲೇ ತೋರಿಸುತ್ತೇನೆ. ಹೊಸಹಾಳೆ ಅವರೇ, ಜೊತೆಗೆ ನೀವೂ ಹಾಕುತ್ತಾ ಬನ್ನಿ.

ಮೊದಲು ಲಾಭ. 140ರಿಂದ ಪಾಲುದಾರರ ಸಂಬಳದ ಕೊರತೆ 18 ಕಳೆದರೆ 122. ಮಾರಾಟದ 12% ಎಂದಿಟ್ಟುಕೊಳ್ಳೋಣ.

ಆಮೇಲೆ ಬಂಡವಾಳ. ದುಡಿಯುವ ಬಂಡವಾಳ 260, ಸ್ಥಿರ ಆಸ್ತಿ 240, ಒಟ್ಟು 500. ಅಂದರೆ 1000ದ ಮಾರಾಟವನ್ನು 500ರ ಬಂಡವಾಳ ಹೊತ್ತಿದೆ. ಮಾರಾಟ ಒಂದು ರೂಪಾಯಿ ಹೆಚ್ಚಾಗಬೇಕಾದರೆ ಅರ್ಧ ರೂಪಾಯಿ ಹೊಸದಾಗಿ ಹೂಡಬೇಕು. ನನಗೆ ಇಡೀ ಮುನ್ನಂದಾಜಿನಲ್ಲಿ ಮುಖ್ಯವೆನಿಸುವುದು ಈ ಒಂದೇ ಅಂಕಿ. ಸವಕಳಿ, ಹೂಡಿಕೆ, ಬಾಕಿ, ದಾಸ್ತಾನು ಎಂದು ಬೇರೆ ಬೇರೆ ಸಾಲು ಹಾಕಿದರೂ ಕೊನೆಗೆ ಅವು ಈ ಅರ್ಧಕ್ಕೆ ಹೊಂದಬೇಕು. ಹೊಂದದಿದ್ದರೆ ಏಕೆ ಎಂದು ಹೇಳಲು ಬರಬೇಕು.

ಬೆಳವಣಿಗೆಯನ್ನು ನಾನು 12, 10, 8, 6, 5 ಶೇಕಡಾ ಎಂದು ಇಳಿಸುತ್ತಾ ಹೋಗುತ್ತೇನೆ. ಐದು ವರ್ಷ 15% ಓಡಿ ಆರನೆಯ ವರ್ಷ ಏಕಾಏಕಿ 5%ಕ್ಕೆ ಬೀಳುವುದು ಹಾಳೆಯ ಮೇಲೆ ಮಾತ್ರ ಸಾಧ್ಯ.

ಮೊದಲ ವರ್ಷವನ್ನು ಪೂರ್ತಿ ನೋಡೋಣ. ಮಾರಾಟ 1120, ಲಾಭ 134.4, ತೆರಿಗೆ ಕಳೆದು 100.8. ಮಾರಾಟದಲ್ಲಿ ಏರಿಕೆ 120. ಅದರ 26% ಬಾಕಿ ಮತ್ತು ದಾಸ್ತಾನಿಗೆ ಹೋಗುತ್ತದೆ, 31.2. ಸವಕಳಿ 44.8 ಮರಳಿ ಸೇರುತ್ತದೆ. ಯಂತ್ರಗಳಿಗೆ ಆ ಸವಕಳಿಯಷ್ಟೂ ಬೇಕು, ಏರಿಕೆಯ 24% ಮೇಲೆಯೂ ಬೇಕು, ಒಟ್ಟು 73.6. ಉಳಿಯುವ ಮುಕ್ತ ಹರಿವು 40.8. ನಿಮ್ಮ ಹಾಳೆಯಲ್ಲಿ ಇದೇ ವರ್ಷಕ್ಕೆ 147 ಇದೆ.

ಇದೇ ರೀತಿ ಮುಂದಿನ ವರ್ಷಗಳಿಗೆ 54.9, 70.5, 87, 98 ಬರುತ್ತವೆ. ಬೆಳವಣಿಗೆ ತಗ್ಗಿದಂತೆ ಹರಿವು ಹೆಚ್ಚುವುದನ್ನು ಗಮನಿಸಿ. ಐದು ವರ್ಷದ ಹರಿವಿನ ಇಂದಿನ ಮೌಲ್ಯ 228.

ಆರನೆಯ ವರ್ಷ ತೆರಿಗೆ ಕಳೆದ ಲಾಭ 140. ಮಾರಾಟ 74 ಏರುತ್ತದೆ, ಅದರ ಅರ್ಧ 37 ಹೂಡಿಕೆಗೆ. ಉಳಿಯುವುದು 103. ಅದನ್ನು 14% ಮತ್ತು 5%ರ ಅಂತರವಾದ 9%ರಿಂದ ಭಾಗಿಸಿದರೆ 1144, ಇಂದಿನ ಮೌಲ್ಯದಲ್ಲಿ 594. ಒಟ್ಟು 822. ಗಣಿತಪ್ರಿಯ ಅವರು ಹೇಳಿದಂತೆ ಯಂತ್ರಗಳ ನಿವ್ವಳ ಹೂಡಿಕೆ ಬಿಟ್ಟರೆ ಇದಕ್ಕೆ ಸುಮಾರು 100 ಸೇರುತ್ತದೆ. ಆ 100 ಲಕ್ಷಕ್ಕೆ ಪ್ರತಿಯಾಗಿ ಕಾರ್ಖಾನೆಯಲ್ಲಿ ಏನೂ ಇಲ್ಲ.

---

ಗಣಿತಪ್ರಿಯ ಬರೆದಿದ್ದಾರೆ:

ಒಪ್ಪಿದೆ, ನಾನು ಬೆಳವಣಿಗೆ ದರವನ್ನೂ ಹೂಡಿಕೆಯನ್ನೂ ಬೇರೆ ಬೇರೆಯಾಗಿ ಯೋಚಿಸುತ್ತಿದ್ದೆ. ಆದರೆ ನಿಮ್ಮ ಲೆಕ್ಕದಲ್ಲೂ ಒಂದು ಉದಾರತೆ ಇದೆ. ಆರನೆಯ ವರ್ಷ 740ರ ಬಂಡವಾಳಕ್ಕೆ 140ರ ಲಾಭ, ಅಂದರೆ ಹತ್ತಿರ ಹತ್ತಿರ 19% ಪ್ರತಿಫಲ. ಬಿಡಿಭಾಗ ತಯಾರಿಸುವ ಚಿಕ್ಕ ಘಟಕವೊಂದು ತನ್ನ ಬಂಡವಾಳದ ವೆಚ್ಚಕ್ಕಿಂತ 5% ಹೆಚ್ಚನ್ನು ಎಂದೆಂದಿಗೂ ಗಳಿಸುತ್ತದೆಯೇ? ಪೈಪೋಟಿ ಬರುವುದಿಲ್ಲವೇ?

---

ನಾಲ್ಕನೇ ಕಾಲಂ ಬರೆದಿದ್ದಾರೆ:

ಬಹಳ ಒಳ್ಳೆಯ ಪ್ರಶ್ನೆ. ಹೊಸದಾಗಿ ಹೂಡುವ ಹಣಕ್ಕೆ ಮುಂದೆ 14% ಮಾತ್ರ ಸಿಗುತ್ತದೆ ಎಂದು ಹಿಡಿಯಿರಿ. ಆಗ 5% ಬೆಳೆಯಲು ಲಾಭದ 5/14 ಭಾಗ, ಅಂದರೆ 50 ಹೂಡಬೇಕು. ಉಳಿಯುವುದು 90. ಕೊನೆಯ ಮೌಲ್ಯ ಸರಿಯಾಗಿ 1000, ಒಟ್ಟು 747. ಹೀಗೆ ಹಿಡಿದಾಗ ಬೆಳವಣಿಗೆಯನ್ನು 3% ಮಾಡಿದರೂ 6% ಮಾಡಿದರೂ ಕೊನೆಯ ಮೌಲ್ಯ 1000ವೇ, ಏಕೆಂದರೆ ಬೆಳವಣಿಗೆ ತಂದದ್ದನ್ನೆಲ್ಲ ಅದಕ್ಕೆ ಬೇಕಾದ ಹೂಡಿಕೆ ತಿಂದುಹಾಕುತ್ತದೆ. ಗ್ರಾಹಕರನ್ನು ಕಟ್ಟಿಹಾಕುವ ವಿಶೇಷ ಯಾವುದೂ ಇಲ್ಲದ ಚಿಕ್ಕ ಕಂಪನಿಗೆ ನಾನು ಈ ಅಂಕಿಯ ಕಡೆಗೇ ವಾಲುತ್ತೇನೆ.

ಇನ್ನೊಂದು ವಿಷಯ. ಕೊನೆಯ ಭಾಗದ ಪಾಲು 70% ದಾಟಿದರೆ ಲೆಕ್ಕ ತಪ್ಪು ಎನ್ನುವವರಿದ್ದಾರೆ. ಹೊಸಹಾಳೆ ಅವರ 2322ರಲ್ಲಿ ಅದು 71%, ನನ್ನ 822ರಲ್ಲಿ 72%. ತಪ್ಪು ಹಾಳೆಯಲ್ಲೂ ತಿದ್ದಿದ ಹಾಳೆಯಲ್ಲೂ ಅದೇ ಪಾಲು ಬಂದ ಮೇಲೆ ಅದರಿಂದ ಏನನ್ನೂ ಪತ್ತೆ ಮಾಡಲಾಗದು. ಬಂಡವಾಳದ ಸಾಲನ್ನು ಮುಂದುವರಿಸಿ ನೋಡುವುದು ಅದಕ್ಕಿಂತ ಎಷ್ಟೋ ಮೇಲು.

---

ಕಡತ ಬರೆದಿದ್ದಾರೆ:

ಶೆಡ್ ಯಾರದು? ಅದನ್ನು ಯಾರೂ ಕೇಳಲಿಲ್ಲ.

---

ಹೊಸಹಾಳೆ ಬರೆದಿದ್ದಾರೆ:

ಈಗ ವಿಚಾರಿಸಿದೆ. ಹೊರಹೋಗುವ ಪಾಲುದಾರರ ಕುಟುಂಬದ್ದು. ಬಾಡಿಗೆಯೇ ಇಲ್ಲ! ಲಾಭ-ನಷ್ಟ ಖಾತೆಯಲ್ಲಿ ಆ ಸಾಲೇ ಇಲ್ಲದ್ದರಿಂದ ನನಗೆ ಹೊಳೆಯಲೇ ಇಲ್ಲ.

---

ಕಡತ ಬರೆದಿದ್ದಾರೆ:

ಪುಸ್ತಕದಲ್ಲಿ ಇರುವುದನ್ನು ಪರಿಶೀಲಿಸುವುದು ಸುಲಭ, ಇಲ್ಲದ್ದನ್ನು ಕಾಣುವುದೇ ಕಷ್ಟ. ಪಾಲು ಮಾರಿದ ಮರುದಿನ ಅವರು ಬಾಡಿಗೆ ಕೇಳಿದರೆ ಏನು ಮಾಡುತ್ತೀರಿ? ಅಂಥದ್ದೇ ಶೆಡ್‌ಗೆ ಸುತ್ತಮುತ್ತ ಕೊಡುವ ಬಾಡಿಗೆಯನ್ನು ಖರ್ಚಾಗಿ ಹಾಕಿ. ಮಾರಾಟದ 1% ಆಗುತ್ತದೆ ಎಂದಿಟ್ಟುಕೊಳ್ಳಿ. ಲಾಭದ ಪ್ರಮಾಣ 12ರಿಂದ 11ಕ್ಕೆ ಇಳಿಯುತ್ತದೆ. ನಾಲ್ಕನೇ ಕಾಲಂ ಅವರ 822ರಲ್ಲಿ ಅದು ಎಷ್ಟನ್ನು ಕಡಿಮೆ ಮಾಡುತ್ತದೆ ನೋಡಿ.

---

ಹೊಸಹಾಳೆ ಬರೆದಿದ್ದಾರೆ:

ಹಾಕಿ ನೋಡಿದೆ, 721. ಲಾಭದ ಪ್ರಮಾಣದಲ್ಲಿ ಒಂದೇ ಒಂದು ಶೇಕಡಾ ಇಳಿದದ್ದಕ್ಕೆ ಸುಮಾರು 100 ಲಕ್ಷ ಹೋಯಿತು. ಹೂಡಿಕೆ ಅಷ್ಟೇ ಇರುವುದರಿಂದ ಲಾಭದ ಇಳಿಕೆಯೆಲ್ಲ ನೇರವಾಗಿ ಮುಕ್ತ ಹರಿವಿನ ಮೇಲೆಯೇ ಬೀಳುತ್ತಿದೆ. ಡಿಸ್ಕೌಂಟ್ ದರ 14 ಇರಬೇಕೋ 14.5 ಇರಬೇಕೋ ಎಂದು ಎರಡು ದಿನ ತಲೆಕೆಡಿಸಿಕೊಂಡಿದ್ದೆ. ಬಾಡಿಗೆ ಕೇಳಲು ಒಂದು ಫೋನ್ ಸಾಕಿತ್ತು.

---

ಹರಿವು ಬರೆದಿದ್ದಾರೆ:

ತಡವಾಗಿ ಸೇರುತ್ತಿದ್ದೇನೆ. ಗ್ರಾಹಕರು ಎಷ್ಟು ಜನ? ಚಿಕ್ಕ ಬಿಡಿಭಾಗದ ಕಂಪನಿಗಳಲ್ಲಿ ಒಬ್ಬನೇ ಗ್ರಾಹಕ ಮಾರಾಟದ ಮೂರನೇ ಒಂದು ಭಾಗ ಕೊಳ್ಳುವುದುಂಟು. ಹಾಗಿದ್ದರೆ 14% ಸಾಲದು, ಇನ್ನೂ 3% ಸೇರಿಸಿ. ಅಪಾಯಕ್ಕೆ ತಕ್ಕ ದರ ಬೇಡವೇ?

---

ಹೊಸಹಾಳೆ ಬರೆದಿದ್ದಾರೆ:

ಹೌದು, ಒಬ್ಬ ಗ್ರಾಹಕರು 30% ಕೊಳ್ಳುತ್ತಾರೆ.

---

ನಾಲ್ಕನೇ ಕಾಲಂ ಬರೆದಿದ್ದಾರೆ:

ಹರಿವು ಅವರೇ, ಇಲ್ಲಿ ನನ್ನ ಅಭಿಪ್ರಾಯ ಬೇರೆ. ದರಕ್ಕೆ 3% ಸೇರಿಸಿದರೆ ಆ ಅಪಾಯ ಪ್ರತಿ ವರ್ಷ ಬೆಳೆಯುತ್ತಾ ಹೋಗುತ್ತದೆ ಎಂದಂತಾಗುತ್ತದೆ. ಗ್ರಾಹಕ ಒಮ್ಮೆ ಹೋಗಬಹುದು, ಅಥವಾ ಹೋಗದಿರಬಹುದು. ಎರಡು ಹಾಳೆ ಮಾಡಿ. ಒಂದರಲ್ಲಿ ಅವನು ಉಳಿಯುತ್ತಾನೆ, ಇನ್ನೊಂದರಲ್ಲಿ ಎರಡನೆಯ ವರ್ಷ ಹೊರಡುತ್ತಾನೆ. ಎರಡರ ಮೌಲ್ಯಗಳಿಗೂ ಸಂಭವನೀಯತೆಯ ತೂಕ ಹಾಕಿ.

ಎರಡನೆಯ ಹಾಳೆಯಲ್ಲಿ ಒಂದು ವಿಚಿತ್ರ ಕಾಣುತ್ತದೆ, ಎಚ್ಚರ ಬೇಕು. ಗ್ರಾಹಕ ಹೋದ ವರ್ಷ ಮುಕ್ತ ಹರಿವು ಏರಲೂಬಹುದು. 300ರ ಮಾರಾಟ ನಿಂತರೆ ಅದರ 26%, ಅಂದರೆ 78 ಲಕ್ಷ ಹಳೆಯ ಬಾಕಿ ಮತ್ತು ದಾಸ್ತಾನಿನಿಂದ ಹೊರಬರುತ್ತದೆ. ಮರುವರ್ಷ ನಿಜ ಸ್ಥಿತಿ ಗೊತ್ತಾಗುತ್ತದೆ. ಶೆಡ್, ಸಂಬಳ, ಸವಕಳಿ ಯಾವುದೂ 30% ಇಳಿದಿರುವುದಿಲ್ಲ. ಜೊತೆಗೆ ಆ ಗ್ರಾಹಕನ ಅಳತೆಗೆಂದೇ ಮಾಡಿಟ್ಟ ದಾಸ್ತಾನನ್ನು ಬೇರೆ ಯಾರೂ ಕೊಳ್ಳುವುದಿಲ್ಲ, ಹಾಗಾಗಿ 78 ಪೂರ್ತಿ ಬರುತ್ತದೆ ಎಂದೂ ಹಿಡಿಯಬೇಡಿ.

---

ಹರಿವು ಬರೆದಿದ್ದಾರೆ:

ತತ್ವ ಸರಿ. ಆದರೆ ಆ ಸಂಭವನೀಯತೆ 10% ಎಂದು ಹಾಕಬೇಕೋ 30% ಎಂದು ಹಾಕಬೇಕೋ, ಯಾರು ಹೇಳುತ್ತಾರೆ? ನನ್ನ 3% ಊಹೆಯಾದರೆ ನಿಮ್ಮದೂ ಊಹೆಯೇ. ಮಾರುವವರು 10 ಎನ್ನುತ್ತಾರೆ, ಕೊಳ್ಳುವವರು 30 ಎನ್ನುತ್ತಾರೆ, ಜಗಳ ಮತ್ತೆ ಅಲ್ಲಿಗೇ ಬಂತು.

---

ನಾಲ್ಕನೇ ಕಾಲಂ ಬರೆದಿದ್ದಾರೆ:

ಊಹೆಯೇ, ಒಪ್ಪುತ್ತೇನೆ. ಆದರೆ ಇಬ್ಬರೂ ಬಲ್ಲ ವಿಷಯದ ಮೇಲಿನ ಊಹೆ. ಆ ಗ್ರಾಹಕನ ಜೊತೆ ಎಷ್ಟು ವರ್ಷದ ಒಡನಾಟ, ಕಳೆದ ಸಲ ದರ ಇಳಿಸೆಂದು ಯಾವಾಗ ಕೇಳಿದ, ಇನ್ನೊಬ್ಬ ಪೂರೈಕೆದಾರನನ್ನು ಪರೀಕ್ಷಿಸುತ್ತಿದ್ದಾನೆಯೇ ಎಂಬುದರ ಮೇಲೆ ಇಬ್ಬರು ಪಾಲುದಾರರು ಮಾತಾಡಬಲ್ಲರು. 14ಕ್ಕೆ 3 ಸೇರಬೇಕೇ ಎಂಬುದರ ಮೇಲೆ ಅವರು ಏನು ಮಾತಾಡಿಯಾರು?

---

ದಾರಿಹೋಕ ಬರೆದಿದ್ದಾರೆ:

ನನ್ನ ಮೊದಲ ಮಾತು ತಪ್ಪಾದರೂ ಇಲ್ಲಿ ಕಲಿತದ್ದನ್ನು ನನ್ನ ಪುಸ್ತಕದ ಮೇಲೆ ಹಾಕಿ ನೋಡಿದೆ. ಮೂರು ವರ್ಷದಿಂದ ಮಾರಾಟ ಏರುತ್ತಿದೆ, ಲಾಭವೂ ಇದೆ, ಹಣ ಮಾತ್ರ ಇಲ್ಲ. ಬಡ್ಡಿಯಿಂದ ಹೀಗಾಗುತ್ತಿದೆ ಎಂದುಕೊಂಡಿದ್ದೆ. ದೊಡ್ಡ ಗ್ರಾಹಕರೊಬ್ಬರು 60 ದಿನಕ್ಕೆ ಕೊಡುತ್ತಿದ್ದ ಹಣವನ್ನು ಈಗ 110 ದಿನಕ್ಕೆ ಕೊಡುತ್ತಿದ್ದಾರೆ. ಕಂತಿಗಿಂತ ಹೆಚ್ಚು ಹಣ ಅಲ್ಲಿ ಸಿಕ್ಕಿಕೊಂಡಿದೆ. ಮುನ್ನಂದಾಜು ಮಾಡುವಾಗ ದಿನಗಳು ಹೀಗೆ ಜಾರುವುದನ್ನೂ ಹಿಡಿಯಬೇಕಲ್ಲವೇ?

---

ಕಡತ ಬರೆದಿದ್ದಾರೆ:

ಖಂಡಿತ. ಅದು ಬೆಳವಣಿಗೆಯಿಂದ ಆಗುವ ಹೂಡಿಕೆಯಲ್ಲ, ಇದ್ದ ಮಾರಾಟದ ಮೇಲೆಯೇ ಬೀಳುವಂಥದ್ದು. ಎರಡನ್ನೂ ಬೇರೆ ಸಾಲಿನಲ್ಲಿ ತೋರಿಸಿ. ಜಾರುವಿಕೆ ಒಂದು ಸಲದ್ದು, ಪ್ರತಿ ವರ್ಷ ಮುಂದುವರಿಸಬೇಡಿ. ಆದರೆ ಜಾರಿದ ಮೇಲೆ ಬೆಳವಣಿಗೆಗೆ ಬೇಕಾದ ಶೇಕಡಾವಾರು ಕೂಡ ಹೊಸ ಮಟ್ಟದ್ದೇ ಆಗುತ್ತದೆ.

---

ಹೊಸಹಾಳೆ ಬರೆದಿದ್ದಾರೆ:

ಶೆಡ್‌ಗೆ ಹೋಗಿಬಂದೆ. ನಾಲ್ಕು ಮುಖ್ಯ ಯಂತ್ರಗಳಲ್ಲಿ ಎರಡು ಹದಿನಾಲ್ಕು ವರ್ಷ ಹಳೆಯವು, ಎರಡು ಪಾಳಿ ಓಡುತ್ತವೆ. ಒಂದನ್ನು ಮುಂದಿನ ವರ್ಷವೇ ಬದಲಿಸಬೇಕು ಎಂದು ಅಲ್ಲಿನ ಹಿರಿಯ ಕೆಲಸಗಾರರು ಯಂತ್ರದ ಮೇಲೆ ಕೈಯಿಟ್ಟು ತೋರಿಸಿದರು. ಅದುರುವುದು ನನ್ನ ಕೈಗೂ ತಿಳಿಯಿತು. ತಿಂಗಳ ದಾಸ್ತಾನು ವಿವರಗಳೂ ಸಿಕ್ಕವು, ಸರಾಸರಿ ದುಡಿಯುವ ಬಂಡವಾಳ ಮಾರಾಟದ 29%.

ಎರಡು ವರ್ಷ ತುಂಬದೆ ಬಿಟ್ಟ 40 ಲಕ್ಷವನ್ನು ಮೊದಲ ವರ್ಷದ ಹೂಡಿಕೆಗೆ ಸೇರಿಸಿದರೆ ಸಾಕು, ನೀವು ತೋರಿಸಿದ ಆ ವರ್ಷದ 40.8ರ ಮುಕ್ತ ಹರಿವು ಹತ್ತಿರ ಹತ್ತಿರ ಸೊನ್ನೆ. ಸಾಲ 150, ನಗದು 30. ಬಾಡಿಗೆ, 29% ಎಲ್ಲ ಹಾಕಿದ ಮೇಲೆ ಇಡೀ ಕಂಪನಿಯ ಮೌಲ್ಯದಿಂದ ನಿವ್ವಳ ಸಾಲ 120 ಕಳೆಯುತ್ತೇನೆ. ಒಂದು ಸಂದೇಹ ಉಳಿದಿದೆ. ಆ 40 ಲಕ್ಷವನ್ನು ಹರಿವಿನಲ್ಲಿ ತೋರಿಸಲೇ, ಅಥವಾ ಸಾಲದ ಜೊತೆ ಕೊನೆಯಲ್ಲಿ ಕಳೆಯಲೇ? ಹೊರಹೋಗುವವರು ಇದನ್ನು ಸಾಲವೆಂದು ಒಪ್ಪುವುದಿಲ್ಲ ಎನ್ನುತ್ತಿದ್ದಾರೆ.

---

ನಾಲ್ಕನೇ ಕಾಲಂ ಬರೆದಿದ್ದಾರೆ:

ಹರಿವಿನಲ್ಲೇ ತೋರಿಸಿ. ಮೊದಲ ವರ್ಷದಲ್ಲೇ ಬರುವುದರಿಂದ ಮೌಲ್ಯದಲ್ಲಿ ವ್ಯತ್ಯಾಸ ಬಹಳ ಕಡಿಮೆ, 40ರ ಬದಲು 35 ಕಳೆದಂತಾಗುತ್ತದೆ. ಹೆಸರಿಗಾಗಿ ಜಗಳ ಬೇಡ. ಆದರೆ ಎರಡೂ ಕಡೆ ಕಳೆಯದಂತೆ ನೋಡಿಕೊಳ್ಳಿ.

---

ಹಳೆಯ ಲೇಥ್ ಬರೆದಿದ್ದಾರೆ:

ಆ ಅದುರುವ ಯಂತ್ರದ ಬದಲಿಗೆ ಏನು ಬೆಲೆ ಎಂದು ಇಬ್ಬರು ತಯಾರಕರಿಂದ ದರಪಟ್ಟಿ ತರಿಸಿ. ಪುಸ್ತಕದ 40 ಹಳೆಯ ಬೆಲೆಯ 40. ದರಪಟ್ಟಿ ಬಂದ ಮೇಲೆ ಇಲ್ಲಿ ಹಾಕಿ, ನಾನೂ ನೋಡಿ ಹೇಳುತ್ತೇನೆ.